ರಾಮನ್ ರೋಹಿತದಲ್ಲಿ ಕಂಡು ಅವಕೆಂಪಿನಲ್ಲಿ ಕಾಣದ ಕಂಪನಗಳು: ವಜ್ರ ಹೇಳುವ ಸಮಮಿತಿಯ ನಿಯಮ

ಬಳ್ಳಾರಿಯಾಚೆ, ಗುಂತಕಲ್ಲಿಗೆ ಸಮೀಪದಲ್ಲಿ, ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೆ ಸೇರಿದ ವಜ್ರಕರೂರು ಎಂಬ ಊರಿದೆ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಆ ಸೀಮೆಯ ಹೊಲಗಳಲ್ಲಿ ವಜ್ರ ಅರಸುವ ಜನ ಸೇರುತ್ತಾರೆ ಎಂಬುದು ಕೊಟ್ಟೂರು, ಕೂಡ್ಲಿಗಿ ಕಡೆಯ ಓದುಗರಿಗೆ ಹೊಸ ಸಂಗತಿಯೇನಲ್ಲ. ಹಾಗೆ ಸಿಕ್ಕ ಕಲ್ಲೊಂದು ನಿಜವಾದ ವಜ್ರವೇ ಎಂದು ತಿಳಿಯಲು ಇಂದು ಪ್ರಯೋಗಾಲಯದಲ್ಲಿ ಅದರ ಮೇಲೆ ಲೇಸರ್ ಬೆಳಕು ಹಾಯಿಸಿ, ಚದುರಿ ಬಂದ ಬೆಳಕನ್ನು ಪರೀಕ್ಷಿಸುತ್ತಾರೆ. ತರಂಗಸಂಖ್ಯೆ 1332ರಲ್ಲಿ ಒಂದೇ ಒಂದು ತೀಕ್ಷ್ಣ ರೇಖೆ ಎದ್ದು ನಿಂತರೆ ಆ ಕಲ್ಲು ವಜ್ರವೆಂದು ನಿರ್ಣಯವಾಗುತ್ತದೆ. ಇದು ರಾಮನ್ ರೋಹಿತ.

ಅದೇ ಕಲ್ಲಿನ ಮೂಲಕ ಅವಕೆಂಪು ಕಿರಣಗಳನ್ನು ಹಾಯಿಸಿದರೆ, ಶುದ್ಧ ವಜ್ರವಾಗಿದ್ದಲ್ಲಿ, 1332ರ ಸ್ಥಾನದಲ್ಲಿ ಏನೂ ಕಾಣುವುದಿಲ್ಲ. ಕಂಪನ ಇದ್ದೇ ಇದೆ. ಆದರೂ ಒಂದು ವಿಧಾನಕ್ಕೆ ಅದು ಎದ್ದು ತೋರುತ್ತದೆ, ಇನ್ನೊಂದಕ್ಕೆ ಇಲ್ಲವೇ ಇಲ್ಲವೆಂಬಂತಿರುತ್ತದೆ. ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಸಮಮಿತಿಯಲ್ಲಿದೆ. ಇದೇ ಪ್ರಶ್ನೆ ಬೆಂಗಳೂರಿನಲ್ಲಿ ಸ್ವತಃ ಸರ್ ಸಿ.ವಿ. ರಾಮನ್ ಅವರನ್ನು ಹಲವು ವರ್ಷ ಕಾಡಿತು ಮತ್ತು ಅವರನ್ನು ಒಂದು ತಪ್ಪು ತೀರ್ಮಾನಕ್ಕೂ ಒಯ್ದಿತು. ಈ ಲೇಖನದಲ್ಲಿ ಮೊದಲು ನಿಯಮವನ್ನೂ ಅನಂತರ ಆ ತಪ್ಪನ್ನೂ ವಿವರಿಸಲಾಗಿದೆ.

ಎರಡು ವಿಧಾನ, ಎರಡು ಪ್ರಶ್ನೆ

ಅಣುವಿನೊಳಗಿನ ಪರಮಾಣುಗಳು ಒಂದೆಡೆ ಸ್ಥಿರವಾಗಿ ನಿಂತಿರುವುದಿಲ್ಲ. ಅವುಗಳ ನಡುವಿನ ಬಂಧಗಳು ಸುರುಳಿ ತಂತಿಯಂತೆ ಹಿಗ್ಗಿ ಕುಗ್ಗುತ್ತಿರುತ್ತವೆ. ಪ್ರತಿಯೊಂದು ಕಂಪನಕ್ಕೂ ತನ್ನದೇ ಆವೃತ್ತಿಯುಂಟು. ಇದನ್ನು ತರಂಗಸಂಖ್ಯೆಯಲ್ಲಿ, ಅಂದರೆ ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬ ಲೆಕ್ಕದಲ್ಲಿ, ಹೇಳುವುದು ರೂಢಿ. ಕಂಪನಗಳ ತರಂಗಸಂಖ್ಯೆ ಕೆಲವು ನೂರರಿಂದ ಸುಮಾರು ನಾಲ್ಕು ಸಾವಿರದವರೆಗೆ ಇರುತ್ತದೆ. ಅವಕೆಂಪು ಕಿರಣಗಳ ವ್ಯಾಪ್ತಿಯೂ ಇದೇ ಆಗಿದೆ.

ಅವಕೆಂಪು ವಿಧಾನದಲ್ಲಿ ಕಂಪನದ ಆವೃತ್ತಿಯನ್ನೇ ಹೊಂದಿದ ಕಿರಣವನ್ನು ಅಣು ನೇರವಾಗಿ ಹೀರಿಕೊಳ್ಳುತ್ತದೆ. ಕಿರಣವೆಂದರೆ ತೊನೆದಾಡುವ ವಿದ್ಯುತ್ ಕ್ಷೇತ್ರ. ಅದು ಅಣುವನ್ನು ಹಿಡಿದು ಆಡಿಸಬೇಕಾದರೆ ಹಿಡಿಕೆಯೊಂದು ಬೇಕು. ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುದಿ ತುಸು ಋಣ ಆಗಿರುವ ಸ್ಥಿತಿಯೇ, ಅಂದರೆ ವಿದ್ಯುತ್ ದ್ವಿಧ್ರುವವೇ, ಆ ಹಿಡಿಕೆ. ಕಂಪನ ನಡೆಯುವಾಗ ಈ ದ್ವಿಧ್ರುವ ಬದಲಾಗುತ್ತಿದ್ದರೆ ಮಾತ್ರ ಕಿರಣ ಹೀರಲ್ಪಡುತ್ತದೆ.

ರಾಮನ್ ವಿಧಾನ ಬೇರೆ ಬಗೆಯದು. ಇಲ್ಲಿ ಹಾಯಿಸುವುದು ಕಣ್ಣಿಗೆ ಕಾಣುವ ಬೆಳಕನ್ನು. ಅದರ ಆವೃತ್ತಿ ಕಂಪನದ ಆವೃತ್ತಿಗಿಂತ ಹತ್ತಾರು ಪಟ್ಟು ಹೆಚ್ಚು. ಅಷ್ಟು ವೇಗದ ಕ್ಷೇತ್ರಕ್ಕೆ ಭಾರವಾದ ಪರಮಾಣು ಬೀಜಗಳು ಸ್ಪಂದಿಸಲಾರವು. ಹಗುರವಾದ ಎಲೆಕ್ಟ್ರಾನುಗಳ ಮೋಡ ಮಾತ್ರ ಅತ್ತಿತ್ತ ಜಗ್ಗುತ್ತದೆ, ಮತ್ತು ಹಾಗೆ ಜಗ್ಗುತ್ತ ಬೆಳಕನ್ನು ಎಲ್ಲೆಡೆಗೆ ಚದುರಿಸುತ್ತದೆ. ಮೋಡ ಎಷ್ಟು ಸುಲಭವಾಗಿ ಜಗ್ಗುತ್ತದೆ ಎಂಬ ಗುಣಕ್ಕೆ ಧ್ರುವಣೀಯತೆ ಎಂದು ಹೆಸರು. ಪರಮಾಣುಗಳು ಕಂಪಿಸುವಾಗ ಈ ಧ್ರುವಣೀಯತೆಯೂ ಅದೇ ತಾಳದಲ್ಲಿ ಏರಿಳಿದರೆ, ಚದುರಿದ ಬೆಳಕಿನಲ್ಲಿ ಮೂಲ ಆವೃತ್ತಿಯ ಜೊತೆಗೆ ಕಂಪನದಷ್ಟು ಕಡಿಮೆಯಾದ ಮತ್ತು ಕಂಪನದಷ್ಟು ಹೆಚ್ಚಾದ ಆವೃತ್ತಿಗಳೂ ಬೆರೆತು ಬರುತ್ತವೆ. ಉದಾಹರಣೆಗೆ, 532 ನ್ಯಾನೋಮೀಟರಿನ ಹಸಿರು ಲೇಸರಿನ ತರಂಗಸಂಖ್ಯೆ ಸುಮಾರು 18,797. ವಜ್ರದ 1332ನ್ನು ಕಳೆದರೆ 17,465 ಉಳಿಯುತ್ತದೆ. ಅಂದರೆ ಸುಮಾರು 573 ನ್ಯಾನೋಮೀಟರಿನಲ್ಲಿ, ಹಳದಿ ಬಣ್ಣದ ಸೀಮೆಯಲ್ಲಿ, ಹೊಸ ರೇಖೆ ಮೂಡುತ್ತದೆ.

ಹೀಗಾಗಿ ಎರಡು ವಿಧಾನಗಳು ಒಂದೇ ಕಂಪನಕ್ಕೆ ಎರಡು ಬೇರೆ ಪ್ರಶ್ನೆ ಕೇಳುತ್ತವೆ. ಅವಕೆಂಪಿನ ಪ್ರಶ್ನೆ: ದ್ವಿಧ್ರುವ ಬದಲಾಗುತ್ತದೆಯೇ? ರಾಮನ್ ವಿಧಾನದ ಪ್ರಶ್ನೆ: ಧ್ರುವಣೀಯತೆ ಬದಲಾಗುತ್ತದೆಯೇ? ಈ ಎರಡು ಪ್ರಶ್ನೆಗಳನ್ನೇ ಆಯ್ಕೆಯ ನಿಯಮಗಳೆಂದು ಕರೆಯುವರು.

ಇಂಗಾಲದ ಡೈಆಕ್ಸೈಡಿನ ಲೆಕ್ಕ

ನಿಯಮವನ್ನು ಚಿಕ್ಕ ಅಣುವೊಂದರ ಮೇಲೆ ಪ್ರಯೋಗಿಸಿ ನೋಡೋಣ. ಇಂಗಾಲದ ಡೈಆಕ್ಸೈಡಿನಲ್ಲಿ ಮೂರು ಪರಮಾಣುಗಳು ಒಂದೇ ಸರಳರೇಖೆಯಲ್ಲಿವೆ. ನಡುವೆ ಇಂಗಾಲ, ಎರಡು ಬದಿಗೆ ಆಮ್ಲಜನಕ. ಇಂಗಾಲವಿರುವ ಬಿಂದು ಈ ಅಣುವಿನ ಸಮಮಿತಿ ಕೇಂದ್ರ. ಅಂದರೆ, ಯಾವುದೇ ಪರಮಾಣುವಿನಿಂದ ಆ ಬಿಂದುವಿಗೆ ಗೆರೆ ಎಳೆದು ಅಷ್ಟೇ ದೂರ ಮುಂದುವರಿಸಿದರೆ ಅಲ್ಲಿ ಅದೇ ಜಾತಿಯ ಪರಮಾಣು ಸಿಗುತ್ತದೆ.

ಮೊದಲನೆಯ ಕಂಪನದಲ್ಲಿ ಎರಡೂ ಆಮ್ಲಜನಕಗಳು ಒಟ್ಟಿಗೆ ಹೊರಕ್ಕೆ ಸರಿದು ಒಟ್ಟಿಗೆ ಒಳಕ್ಕೆ ಬರುತ್ತವೆ. ಎಡಗಡೆಯ ಬಂಧದ ದ್ವಿಧ್ರುವ ಎಷ್ಟು ಹೆಚ್ಚಿತೋ ಬಲಗಡೆಯದೂ ಅಷ್ಟೇ ಹೆಚ್ಚುತ್ತದೆ. ಇವೆರಡರ ದಿಕ್ಕು ಪರಸ್ಪರ ವಿರುದ್ಧವಾದ್ದರಿಂದ ಮೊತ್ತ ಸದಾ ಸೊನ್ನೆ. ಆದುದರಿಂದ ಅವಕೆಂಪು ಕಿರಣಕ್ಕೆ ಇಲ್ಲಿ ಹಿಡಿಕೆಯಿಲ್ಲ. ಆದರೆ ಅಣು ಹಿಗ್ಗಿದಾಗ ಎಲೆಕ್ಟ್ರಾನ್ ಮೋಡ ಸಡಿಲವಾಗುತ್ತದೆ, ಕುಗ್ಗಿದಾಗ ಬಿಗಿಯಾಗುತ್ತದೆ. ಧ್ರುವಣೀಯತೆ ಏರಿಳಿಯುತ್ತದೆ. ಆದ್ದರಿಂದ ಈ ಕಂಪನ ರಾಮನ್ ರೋಹಿತದಲ್ಲಿ ಕಾಣುತ್ತದೆ.

ಎರಡನೆಯ ಕಂಪನದಲ್ಲಿ ಎಡಬಂಧ ಉದ್ದವಾದಾಗ ಬಲಬಂಧ ಗಿಡ್ಡವಾಗುತ್ತದೆ. ಅರ್ಧ ಆವರ್ತದ ನಂತರ ಇದು ತಿರುಗುಮುರುಗಾಗುತ್ತದೆ. ಈಗ ದ್ವಿಧ್ರುವಗಳು ಒಂದನ್ನೊಂದು ಅಳಿಸುವುದಿಲ್ಲ. ತರಂಗಸಂಖ್ಯೆ 2349ರಲ್ಲಿ ಬಲವಾದ ಅವಕೆಂಪು ಹೀರಿಕೆ ಕಂಡುಬರುತ್ತದೆ. ಇಲ್ಲಿ ಧ್ರುವಣೀಯತೆಯ ಗತಿಯೇನು? ಎಡಕ್ಕೆ ಸರಿದ ಅಣುವಿನ ರೂಪ ಮತ್ತು ಬಲಕ್ಕೆ ಸರಿದ ಅಣುವಿನ ರೂಪ ಒಂದರ ಕನ್ನಡಿ ಬಿಂಬ ಇನ್ನೊಂದು. ಎರಡರ ಧ್ರುವಣೀಯತೆ ಒಂದೇ ಆಗಿರಲೇಬೇಕು. ಕಂಪನದ ಸರಿತವನ್ನು q ಎಂದೂ ಧ್ರುವಣೀಯತೆಯನ್ನು α ಎಂದೂ ಬರೆದರೆ, α(q) = α(−q). ಇಂತಹ ಗುಣದ ವಕ್ರರೇಖೆ ನಡುವಿನ ಬಿಂದುವಿನಲ್ಲಿ ಸಮತಟ್ಟಾಗಿರುತ್ತದೆ. ಅಲ್ಲಿ ಅದರ ಇಳಿಜಾರು ಸೊನ್ನೆ. ಧ್ರುವಣೀಯತೆ ಬದಲಾಗುವುದೇ ಇಲ್ಲವೆಂದು ಇದರ ಅರ್ಥವಲ್ಲ. ಕಂಪನದ ತಾಳದಲ್ಲಿ ಬದಲಾಗದೆ, ಅದರ ಇಮ್ಮಡಿ ತಾಳದಲ್ಲಿ ತೀರ ಅಲ್ಪವಾಗಿ ಬದಲಾಗುತ್ತದೆ ಎಂದರ್ಥ. ಆದುದರಿಂದ 2349ರಲ್ಲಿ ರಾಮನ್ ರೇಖೆ ಇಲ್ಲ.

ಬಾಗುವ ಕಂಪನದ ಕಥೆಯೂ ಇದೇ. ಮೇಲಕ್ಕೆ ಬಾಗಿದ ಅಣುವಿಗೂ ಕೆಳಕ್ಕೆ ಬಾಗಿದ ಅಣುವಿಗೂ ಧ್ರುವಣೀಯತೆ ಒಂದೇ, ದ್ವಿಧ್ರುವ ಮಾತ್ರ ವಿರುದ್ಧ ದಿಕ್ಕಿನದು. ಆದ್ದರಿಂದ ಅದು 667ರಲ್ಲಿ ಅವಕೆಂಪಿನಲ್ಲಿ ಕಾಣುತ್ತದೆ, ರಾಮನ್‌ನಲ್ಲಿ ಕಾಣುವುದಿಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ಈ ಅನಿಲದ ರಾಮನ್ ರೋಹಿತವನ್ನು ತೆಗೆದವರಿಗೆ ಒಂದು ರೇಖೆಯ ಬದಲು ಸುಮಾರು 1285 ಮತ್ತು 1388ರಲ್ಲಿ ಎರಡು ಬಲವಾದ ರೇಖೆಗಳು ಸಿಗುತ್ತವೆ. ನಿಯಮ ಮುರಿಯಿತೇ? ಇಲ್ಲ. ಬಾಗುವ ಕಂಪನದ ಇಮ್ಮಡಿ, ಅಂದರೆ 1334, ಮೊದಲನೆಯ ಕಂಪನಕ್ಕೆ ತೀರ ಸಮೀಪದಲ್ಲಿದೆ. ಇಮ್ಮಡಿ ಕಂಪನದ ಸಮಮಿತಿಯೂ ಮೊದಲನೆಯದರಂತೆಯೇ ಇರುವುದರಿಂದ ಎರಡೂ ಬೆರೆತು, ಒಂದನ್ನೊಂದು ದೂರ ತಳ್ಳಿ, ಬಲವನ್ನು ಹಂಚಿಕೊಳ್ಳುತ್ತವೆ. ಇದನ್ನು 1931ರಲ್ಲಿ ಎನ್ರಿಕೊ ಫರ್ಮಿ ವಿವರಿಸಿದರು.

ಸಮ ಮತ್ತು ಬೆಸ

ಮೇಲಿನ ಲೆಕ್ಕವನ್ನು ಒಂದೇ ಮಾತಿನಲ್ಲಿ ಸಂಗ್ರಹಿಸಬಹುದು. ಸಮಮಿತಿ ಕೇಂದ್ರವಿರುವ ಅಣುವಿನಲ್ಲಿ ಪ್ರತಿಯೊಂದು ಕಂಪನವೂ ಸಮ ಅಥವಾ ಬೆಸ ಆಗಿರುತ್ತದೆ. ಕಂಪಿಸುತ್ತಿರುವ ಅಣುವನ್ನು ಕೇಂದ್ರದ ಮೂಲಕ ತಿರುವಿಹಾಕಿದಾಗ, ಅಂದರೆ ಪ್ರತಿ ಬಿಂದುವನ್ನೂ ಅದರ ಎದುರು ಬಿಂದುವಿಗೆ ಒಯ್ದಾಗ, ಚಲನೆ ಇದ್ದಂತೆಯೇ ಉಳಿದರೆ ಅದು ಸಮ. ಚಲನೆಯ ದಿಕ್ಕು ಪೂರ್ತಿ ವಿರುದ್ಧವಾದರೆ ಅದು ಬೆಸ.

ದ್ವಿಧ್ರುವವು ಬಾಣದಂತೆ ದಿಕ್ಕುಳ್ಳದ್ದು. ತಿರುವಿಹಾಕಿದಾಗ ಅದರ ಚಿಹ್ನೆ ಬದಲಾಗುತ್ತದೆ, ಆದ್ದರಿಂದ ಅದು ಬೆಸ. ಧ್ರುವಣೀಯತೆಯು ಎರಡು ದಿಕ್ಕುಗಳ ಗುಣಲಬ್ಧದಂತೆ ವರ್ತಿಸುತ್ತದೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಬರುವಂತೆ, ಅದರ ಚಿಹ್ನೆ ಬದಲಾಗುವುದಿಲ್ಲ, ಆದ್ದರಿಂದ ಅದು ಸಮ. ಬೆಸ ಕಂಪನ ಮಾತ್ರ ದ್ವಿಧ್ರುವವನ್ನು ಕದಲಿಸಬಲ್ಲುದು. ಸಮ ಕಂಪನ ಮಾತ್ರ ಧ್ರುವಣೀಯತೆಯನ್ನು ಕದಲಿಸಬಲ್ಲುದು. ಒಂದೇ ಕಂಪನ ಸಮವೂ ಬೆಸವೂ ಆಗಲಾರದು. ಆದುದರಿಂದ ಸಮಮಿತಿ ಕೇಂದ್ರವುಳ್ಳ ಅಣುವಿನ ಯಾವ ಮೂಲ ಕಂಪನವೂ ಎರಡೂ ರೋಹಿತಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಇದೇ ಪರಸ್ಪರ ವರ್ಜನೆಯ ನಿಯಮ.

ನಿಯಮವನ್ನು ಹಿಂದುಮುಂದಾಗಿ ಬಳಸಿದಾಗ ಅಣುವಿನ ರಚನೆಯೇ ಗೊತ್ತಾಗುತ್ತದೆ. ನೈಟ್ರಸ್ ಆಕ್ಸೈಡಿನ ಅಣುತೂಕ ಇಂಗಾಲದ ಡೈಆಕ್ಸೈಡಿನಷ್ಟೇ, 44. ಅದೂ ಸರಳರೇಖೆಯ ಅಣುವೇ. ಆಮ್ಲಜನಕ ನಡುವಿನಲ್ಲಿದೆಯೋ ತುದಿಯಲ್ಲಿದೆಯೋ ಎಂಬುದು ಪ್ರಶ್ನೆ. ನಡುವಿನಲ್ಲಿದ್ದರೆ ಸಮಮಿತಿ ಕೇಂದ್ರವಿರುತ್ತದೆ, ರೋಹಿತಗಳು ಹಂಚಿಹೋಗಬೇಕು. ಆದರೆ ಸುಮಾರು 1285 ಮತ್ತು 2224ರ ಕಂಪನಗಳು ಎರಡೂ ರೋಹಿತಗಳಲ್ಲಿ ಕಂಡುಬರುತ್ತವೆ. ಆದ್ದರಿಂದ ಕೇಂದ್ರವಿಲ್ಲ, ಆಮ್ಲಜನಕ ತುದಿಯಲ್ಲಿದೆ ಎಂದು ನಿರ್ಧಾರವಾಗುತ್ತದೆ.

ದೊಡ್ಡ ಅಣುಗಳಲ್ಲೂ ಹರಳುಗಳಲ್ಲೂ ಕೇಂದ್ರವೊಂದನ್ನೇ ನೋಡಿದರೆ ಸಾಲದು. ಅಕ್ಷಗಳು, ಕನ್ನಡಿ ತಲಗಳು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದಕ್ಕೆ ಗಣಿತದ ಗ್ರೂಪ್ ಸಿದ್ಧಾಂತ ಬೇಕಾಗುತ್ತದೆ. ಈ ವಿಷಯದಲ್ಲಿ ಎಸ್. ಭಗವಂತಂ ಮತ್ತು ಟಿ. ವೆಂಕಟರಾಯುಡು ಅವರ ಗ್ರಂಥ 1948ರಲ್ಲಿ ಪ್ರಕಟವಾಯಿತು. ಭಗವಂತಂ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು.

ವಜ್ರದ ಒಂದೇ ರೇಖೆ

ಈಗ ವಜ್ರಕ್ಕೆ ಬರೋಣ. ವಜ್ರವೆಂದರೆ ಇಂಗಾಲ ಮಾತ್ರ. ಪ್ರತಿ ಪರಮಾಣುವಿನ ಸುತ್ತ ನಾಲ್ಕು ಪರಮಾಣುಗಳು. ಇಡೀ ಹರಳನ್ನು ಎರಡೇ ಪರಮಾಣುಗಳ ಜೋಡಿಯೊಂದರ ಪುನರಾವೃತ್ತಿಯೆಂದು ಭಾವಿಸಬಹುದು. ಜೋಡಿಯ ಒಂದನ್ನು ಅ ಎಂದೂ ಇನ್ನೊಂದನ್ನು ಆ ಎಂದೂ ಕರೆಯೋಣ. ಎರಡನ್ನೂ ಕೂಡಿಸುವ ಬಂಧದ ನಟ್ಟನಡುವಿನ ಬಿಂದು ಹರಳಿನ ಸಮಮಿತಿ ಕೇಂದ್ರ.

1332ರ ಕಂಪನದಲ್ಲಿ ಎಲ್ಲ ಅ ಪರಮಾಣುಗಳು ಒಂದು ದಿಕ್ಕಿಗೂ ಎಲ್ಲ ಆ ಪರಮಾಣುಗಳು ಅದರ ವಿರುದ್ಧ ದಿಕ್ಕಿಗೂ ಸರಿಯುತ್ತವೆ. ಇದನ್ನು ಕೇಂದ್ರದ ಮೂಲಕ ತಿರುವಿಹಾಕಿ ನೋಡಿ. ಅ ಪರಮಾಣು ಆ ಇದ್ದ ಸ್ಥಳಕ್ಕೆ ಹೋಗುತ್ತದೆ. ಅದರ ಚಲನೆಯ ಬಾಣವೂ ವಿರುದ್ಧವಾಗುತ್ತದೆ. ಆದರೆ ಆ ಸ್ಥಳದಲ್ಲಿ ಮೊದಲೇ ಇದ್ದ ಬಾಣವೂ ಅದೇ ವಿರುದ್ಧ ದಿಕ್ಕಿನದಲ್ಲವೇ? ಚಿತ್ರ ಇದ್ದಂತೆಯೇ ಉಳಿಯಿತು. ಆದ್ದರಿಂದ ಕಂಪನ ಸಮ. ರಾಮನ್‌ನಲ್ಲಿ ಕಾಣಬೇಕು, ಅವಕೆಂಪಿನಲ್ಲಿ ಕಾಣಬಾರದು. ಭೌತಿಕ ಕಾರಣವೂ ಸರಳವಾಗಿದೆ. ಎರಡೂ ಇಂಗಾಲವೇ ಆಗಿರುವುದರಿಂದ ಯಾವುದಕ್ಕೂ ಧನ ಅಥವಾ ಋಣ ವಿದ್ಯುದಂಶವಿಲ್ಲ. ಅವು ಎಷ್ಟು ಸರಿದರೂ ದ್ವಿಧ್ರುವ ಹುಟ್ಟುವುದಿಲ್ಲ.

ಸಾಣೆಕಲ್ಲಿಗೆ ಬಳಸುವ ಸಿಲಿಕಾನ್ ಕಾರ್ಬೈಡಿನೊಡನೆ ಹೋಲಿಸಿದರೆ ಇದು ಮತ್ತಷ್ಟು ಸ್ಪಷ್ಟವಾಗುತ್ತದೆ. ಅದರ ಒಂದು ರೂಪದಲ್ಲಿ ಪರಮಾಣುಗಳ ಜೋಡಣೆ ವಜ್ರದಂತೆಯೇ ಇದ್ದು, ಅ ಸ್ಥಾನದಲ್ಲಿ ಸಿಲಿಕಾನ್, ಆ ಸ್ಥಾನದಲ್ಲಿ ಇಂಗಾಲ ಇದೆ. ತಿರುವಿಹಾಕಿದರೆ ಸಿಲಿಕಾನ್ ಇಂಗಾಲದ ಸ್ಥಾನಕ್ಕೆ ಬರುವುದರಿಂದ ಸಮಮಿತಿ ಕೇಂದ್ರ ಇಲ್ಲವಾಗುತ್ತದೆ. ಅದರ ಕಂಪನ ಸುಮಾರು 800ರಲ್ಲಿ ಎರಡೂ ರೋಹಿತಗಳಲ್ಲಿ ಕಾಣುತ್ತದೆ.

ಬೆಂಗಳೂರಿನ ವಾದ

ರಾಮನ್ ಪರಿಣಾಮ ಕೋಲ್ಕತ್ತದಲ್ಲಿ 1928ರ ಫೆಬ್ರವರಿ 28ರಂದು ಪತ್ತೆಯಾಯಿತು. ಎರಡು ವರ್ಷಗಳಲ್ಲೇ, 1930ರಲ್ಲಿ, ಸಿ. ರಾಮಸ್ವಾಮಿ ಅವರು ವಜ್ರದ 1332ರ ರೇಖೆಯನ್ನು ಪ್ರಕಟಿಸಿದರು. 1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು.

ಅದರ ಮರುವರ್ಷವೇ, 1934ರಲ್ಲಿ, ಇಂಗ್ಲೆಂಡಿನ ರಾಬರ್ಟ್‌ಸನ್, ಫಾಕ್ಸ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಒಂದು ವಿಚಿತ್ರ ಸಂಗತಿಯನ್ನು ಬಯಲಿಗೆ ತಂದರು. ವಜ್ರಗಳಲ್ಲಿ ಎರಡು ಬಗೆಗಳಿವೆ. ಹೆಚ್ಚಿನ ವಜ್ರಗಳು 8 ಮೈಕ್ರಾನ್ ಸುತ್ತಿನ, ಅಂದರೆ ತರಂಗಸಂಖ್ಯೆ 1250ರ ಆಸುಪಾಸಿನ, ಅವಕೆಂಪು ಕಿರಣವನ್ನು ಹೀರುತ್ತವೆ. ಅಪರೂಪದ ಕೆಲವು ಮಾತ್ರ ಅಲ್ಲಿ ಪಾರದರ್ಶಕವಾಗಿವೆ. ಆದರೆ ರಾಮನ್ ರೇಖೆ ಎರಡು ಬಗೆಗಳಲ್ಲೂ ಒಂದೇ.

ನಿಯಮವನ್ನು ಬಲ್ಲವರಿಗೆ ಇದು ಸಣ್ಣ ವಿಷಯವಲ್ಲ. ಸಮಮಿತಿ ಕೇಂದ್ರವಿರುವ ಹರಳು 1332 ಮತ್ತು ಅದರ ಕೆಳಗಿನ ವ್ಯಾಪ್ತಿಯಲ್ಲಿ ಅವಕೆಂಪನ್ನು ಹೀರಬಾರದು. ಹೀರುತ್ತದೆ ಎಂದಾದರೆ ಕೇಂದ್ರ ಇಲ್ಲ ಎಂದಾಗಬೇಕು. ರಾಮನ್ ಈ ತರ್ಕವನ್ನೇ ಹಿಡಿದರು. ಹೀರದ ವಜ್ರಗಳಿಗೆ ಅಷ್ಟಮುಖದ ಪೂರ್ಣ ಸಮಮಿತಿಯಿದೆ, ಹೀರುವ ವಜ್ರಗಳಿಗೆ ಚತುರ್ಮುಖದ, ಕೇಂದ್ರವಿಲ್ಲದ, ಕಡಿಮೆ ಸಮಮಿತಿಯಿದೆ ಎಂದು ಅವರು ಪ್ರತಿಪಾದಿಸಿದರು. ಒಟ್ಟು ನಾಲ್ಕು ಬಗೆಯ ವಜ್ರಗಳಿವೆ ಎಂಬ ಅವರ ಸಿದ್ಧಾಂತ 1944ರಲ್ಲಿ ಪ್ರಕಟವಾಯಿತು. ಪರಮಾಣುಗಳು ಒಂದೇ ಆದರೂ ಎಲೆಕ್ಟ್ರಾನುಗಳ ವಿನ್ಯಾಸದಲ್ಲಿ ವ್ಯತ್ಯಾಸವಿರಬಹುದೆಂಬುದು ಅವರ ಸಮರ್ಥನೆಯಾಗಿತ್ತು. ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಆರ್.ಎಸ್. ಕೃಷ್ಣನ್ ಅವರು ಪಾದರಸ ದೀಪದ 2537 ಆಂಗ್‌ಸ್ಟ್ರಮಿನ ಅತಿನೇರಳೆ ರೇಖೆಯನ್ನು ಬಳಸಿ, ವಜ್ರದ ಅತಿ ಮಂದವಾದ ಎರಡನೆಯ ಹಂತದ ರಾಮನ್ ರೋಹಿತವನ್ನೂ ತೆಗೆದರು. ಬ್ರಿಟನ್ನಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಮತ್ತು ಮ್ಯಾಕ್ಸ್ ಬಾರ್ನ್ ರಾಮನ್‌ರ ವಿಚಾರಗಳನ್ನು ಒಪ್ಪಲಿಲ್ಲ. ವಾದ ವರ್ಷಗಟ್ಟಲೆ ನಡೆಯಿತು.

ದೋಷ ನಿಯಮದಲ್ಲಿರಲಿಲ್ಲ

ಗಂಟು ಬಿಡಿಸಿದ್ದು 1959ರಲ್ಲಿ. ಕೈಸರ್ ಮತ್ತು ಬಾಂಡ್ ಎಂಬ ವಿಜ್ಞಾನಿಗಳು ವಜ್ರಗಳನ್ನು ನಿರ್ವಾತದಲ್ಲಿ ಕಾಯಿಸಿ ಗ್ರಾಫೈಟ್ ಆಗಿ ಮಾರ್ಪಡಿಸಿದರು ಮತ್ತು ಆಗ ಹೊರಬಂದ ಅನಿಲವನ್ನು ಅಳೆದರು. ಹೊರಬಂದದ್ದು ಸಾರಜನಕ. 7.8 ಮೈಕ್ರಾನಿನ ಹೀರಿಕೆ ಹೆಚ್ಚಾಗಿದ್ದ ಕಲ್ಲಿನಲ್ಲಿ ಸಾರಜನಕವೂ ಹೆಚ್ಚಾಗಿತ್ತು, ಕಡಿಮೆ ಇದ್ದ ಕಲ್ಲಿನಲ್ಲಿ ಕಡಿಮೆ ಇತ್ತು. ಅಂದರೆ ಹೀರುತ್ತಿದ್ದುದು ವಜ್ರವಲ್ಲ, ವಜ್ರದೊಳಗಿನ ಕಲಬೆರಕೆ.

ಸಾರಜನಕದ ಪರಮಾಣುವೊಂದು ಇಂಗಾಲದ ಸ್ಥಾನದಲ್ಲಿ ಕುಳಿತರೆ ಅಲ್ಲಿ ವಿದ್ಯುದಂಶದ ಸಮತೋಲ ತಪ್ಪುತ್ತದೆ. ಆ ನೆರೆಹೊರೆಯಲ್ಲಿ, ಪಕ್ಕದ ಇಂಗಾಲಗಳು ತಮ್ಮ ಸಹಜ ಕಂಪನವನ್ನು ನಡೆಸಿದಾಗಲೂ ದ್ವಿಧ್ರುವ ಏರಿಳಿಯುತ್ತದೆ. ಹರಳಿನ ಉಳಿದ ಭಾಗದ ಸಮಮಿತಿ ಕೆಡುವುದಿಲ್ಲ. ಸಾರಜನಕ ಹೆಚ್ಚೆಂದರೆ ಸಾವಿರಕ್ಕೆ ಕೆಲವು ಪರಮಾಣುಗಳಷ್ಟು ಮಾತ್ರ ಇರುವುದರಿಂದ ರಾಮನ್ ರೇಖೆ ಹಾಗೆಯೇ ಉಳಿಯುತ್ತದೆ. ಆದರೆ ಸೊನ್ನೆಯಿದ್ದ ಅವಕೆಂಪು ಹೀರಿಕೆಯ ಜಾಗದಲ್ಲಿ ಅಷ್ಟು ಕಲಬೆರಕೆಯೇ ಎದ್ದು ಕಾಣುತ್ತದೆ. ಬಿಳಿ ಬಟ್ಟೆಯ ಮೇಲಿನ ಕಲೆಯಂತೆ.

ಸುಳಿವು ಮೊದಲಿನಿಂದಲೂ ಇತ್ತೆಂದು ಈಗ ಹೇಳಬಹುದು. ಹರಳಿನ ಸಮಮಿತಿ ಇದೆ ಅಥವಾ ಇಲ್ಲ. ಅದರಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ. ಸಮಮಿತಿಯೇ ಬೇರೆಯಾಗಿದ್ದರೆ ಹೀರಿಕೆಯ ಬಲ ಕಲ್ಲಿನಿಂದ ಕಲ್ಲಿಗೆ ನಿರಂತರವಾಗಿ ಬದಲಾಗುವುದಕ್ಕೆ ಕಾರಣವಿರಲಿಲ್ಲ. ಅದಲ್ಲದೆ, ಹೀರಿಕೆಯ ಮುಖ್ಯ ಶಿಖರ 1332ರಲ್ಲಿರದೆ 1282ರ ಸುತ್ತ ಇದೆ. ನಿಷಿದ್ಧ ರೇಖೆಯೊಂದು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆಗಳು ಇವೇ: ಅದರ ಬಲ ಮಾದರಿಯಿಂದ ಮಾದರಿಗೆ ಬದಲಾಗುತ್ತದೆಯೇ? ಅದು ನಿರೀಕ್ಷಿತ ಸ್ಥಾನದಲ್ಲೇ ಇದೆಯೇ?

ಪರಿಶುದ್ಧ ವಜ್ರವೂ 4ರಿಂದ 5 ಮೈಕ್ರಾನ್ ಸುತ್ತ ಅವಕೆಂಪನ್ನು ಹೀರುತ್ತದೆ. ಇದೂ ನಿಯಮದ ಉಲ್ಲಂಘನೆಯಲ್ಲ. ಅಲ್ಲಿ ಎರಡು ಬೇರೆ ಬೇರೆ ಕಂಪನಗಳು ಒಟ್ಟಿಗೆ ಏಳುತ್ತವೆ. ಒಂದು ಕಂಪನ ಎಲೆಕ್ಟ್ರಾನ್ ಮೋಡವನ್ನು ವಿರೂಪಗೊಳಿಸುತ್ತದೆ, ಇನ್ನೊಂದು ಆ ವಿರೂಪವನ್ನು ಆಡಿಸಿ ದ್ವಿಧ್ರುವವನ್ನು ಹುಟ್ಟಿಸುತ್ತದೆ. 1955ರಲ್ಲಿ ಲ್ಯಾಕ್ಸ್ ಮತ್ತು ಬರ್ಸ್ಟೈನ್ ಇದನ್ನು ವಿವರಿಸಿದರು. ಪರಸ್ಪರ ವರ್ಜನೆಯ ಮಾತು ಒಂಟಿ ಕಂಪನಗಳಿಗೆ ಅನ್ವಯಿಸಿ ಹೇಳಿದ್ದು ಎಂಬುದನ್ನು ಮರೆಯಬಾರದು.

ಸಂಡೂರಿನ ಅದಿರಿನಲ್ಲೂ

ನಮ್ಮ ನೆರೆಯ ಸಂಡೂರು ಬೆಟ್ಟಗಳ ಕಬ್ಬಿಣದ ಅದಿರಿನ ಮುಖ್ಯ ಖನಿಜವಾದ ಹೆಮಟೈಟ್ ಕೂಡ ಸಮಮಿತಿ ಕೇಂದ್ರವುಳ್ಳ ಹರಳು. ಅದರಲ್ಲಿ ಏಳು ಕಂಪನಗಳು ರಾಮನ್‌ಗೆ, ಬೇರೆ ಆರು ಅವಕೆಂಪಿಗೆ ಸೇರಿವೆ. ಆದರೂ ಹೆಮಟೈಟಿನ ರಾಮನ್ ರೋಹಿತದಲ್ಲಿ 660ರ ಸುತ್ತ ಒಂದು ರೇಖೆ ಆಗಾಗ ಇಣುಕುತ್ತದೆ. ಅದು ಅವಕೆಂಪಿನ ಪಾಲಿನ ಕಂಪನ. ಹರಳಿನ ಅಚ್ಚುಕಟ್ಟು ಕೆಟ್ಟಿರುವಲ್ಲಿ ರಾಮನ್‌ನಲ್ಲಿ ತಲೆಯೆತ್ತುತ್ತದೆ. ಆದರೆ ಮ್ಯಾಗ್ನೆಟೈಟ್ ಖನಿಜದ ಬಲವಾದ ರಾಮನ್ ರೇಖೆಯೂ ಅಲ್ಲೇ ಸಮೀಪದಲ್ಲಿರುವುದರಿಂದ, ಅದಿರಿನಲ್ಲಿ ಅದು ಬೆರೆತಿದೆಯೇ ಎಂಬುದನ್ನು ಕಾಂತ ಪರೀಕ್ಷೆಯಿಂದಲೋ ಕ್ಷ-ಕಿರಣ ಪರೀಕ್ಷೆಯಿಂದಲೋ ನೋಡಿಯೇ ತೀರ್ಮಾನಿಸಬೇಕು.

ನಿಯಮದ ಮಿತಿ, ಇಂದಿನ ಬಳಕೆ

ನಿಯಮವು ಯಾವುದು ಕಾಣಬಾರದು ಎಂಬುದನ್ನು ಖಚಿತವಾಗಿ ಹೇಳುತ್ತದೆ. ಕಾಣಬಹುದಾದದ್ದು ಎಷ್ಟು ಬಲವಾಗಿ ಕಾಣುವುದೆಂದು ಹೇಳುವುದಿಲ್ಲ. ಅನುಮತಿಯಿರುವ ರೇಖೆಯೂ ತೀರ ಮಂದವಾಗಿದ್ದು ಕಣ್ಣಿಗೆ ಬೀಳದೆ ಹೋಗಬಹುದು. ಎಥಿಲೀನಿನ ತಿರುಚುವ ಕಂಪನದಂತೆ ಎರಡೂ ರೋಹಿತಗಳಿಗೆ ನಿಷಿದ್ಧವಾದ ಮೂಕ ಕಂಪನಗಳೂ ಉಂಟು. ಆದ್ದರಿಂದ ಎರಡು ರೋಹಿತಗಳಲ್ಲಿ ಸಮಾನ ರೇಖೆಗಳಿಲ್ಲವೆಂಬ ಒಂದೇ ಕಾರಣದಿಂದ ಸಮಮಿತಿ ಕೇಂದ್ರವಿದೆ ಎಂದು ಘೋಷಿಸುವುದು ಅವಸರವಾದೀತು.

ಅಂದು ರಾಮನ್‌ರನ್ನು ದಾರಿ ತಪ್ಪಿಸಿದ ಆ ಹೀರಿಕೆ ಇಂದು ರತ್ನ ಪರೀಕ್ಷಕರ ಕೈಗೆ ಉಪಕರಣವಾಗಿದೆ. 1332ರ ರಾಮನ್ ರೇಖೆ ಕಲ್ಲು ವಜ್ರವೆಂದು ಹೇಳುತ್ತದೆ. ಆದರೆ ಅದು ನೆಲದಲ್ಲಿ ಹುಟ್ಟಿದ್ದೋ ಕಾರ್ಖಾನೆಯಲ್ಲಿ ಬೆಳೆಸಿದ್ದೋ ಎಂದು ಹೇಳಲಾರದು, ಏಕೆಂದರೆ ಎರಡೂ ನಿಜವಾದ ವಜ್ರಗಳೇ. ನೆಲದ ವಜ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಸಾರಜನಕ ದೀರ್ಘಕಾಲದ ಶಾಖದಿಂದ ಗುಂಪುಗೂಡಿರುತ್ತದೆ ಮತ್ತು 1282ರ ಸುತ್ತ ಅವಕೆಂಪು ಹೀರಿಕೆ ತೋರುತ್ತದೆ. ಬಣ್ಣವಿಲ್ಲದ ಕೃತಕ ವಜ್ರಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಹೀರಿಕೆ ಕಾಣದಿದ್ದರೆ ಕಲ್ಲನ್ನು ಹೆಚ್ಚಿನ ಪರೀಕ್ಷೆಗೆ ಕಳುಹಿಸುತ್ತಾರೆ. ಅಪರೂಪದ ಶುದ್ಧ ನೆಲವಜ್ರವೂ ಹೀರದಿರಬಹುದಾದ್ದರಿಂದ ಇದು ಸಂಶಯಕ್ಕೆ ಕಾರಣವೇ ಹೊರತು ತೀರ್ಪಲ್ಲ.